ಧರ್ಮದ ವಿಷಯದ ಪ್ರಬಂಧಕ್ಕೆ ಅಂಕ: ವಾದ, ಆಧಾರ, ಧಾಟಿ, ರೆಫರೆನ್ಸ್ ನಾಲ್ಕನ್ನೂ ಬೇರೆ ಬೇರೆ ನೋಡೋದು ಹೇಗೆ?

ಹಾಸನದ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಈ ಸಲ ಇಂಟರ್ನಲ್ಸ್‌ಗೆ ಒಂದು ಪ್ರಬಂಧ ಕೊಟ್ಟಿದ್ದೆ. ಪ್ರಶ್ನೆ ಇದು: "ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ 1368ರ ಶಾಸನವನ್ನು ಧಾರ್ಮಿಕ ಸಹಿಷ್ಣುತೆಗೆ ಸಾಕ್ಷಿ ಎಂದು ಒಪ್ಪಬಹುದೇ?" ಒಟ್ಟು 20 ಅಂಕ.

ಗೊತ್ತಿಲ್ಲದವರಿಗೆ ಎರಡು ಮಾತು. ಭಕ್ತರು, ಅಂದರೆ ಶ್ರೀವೈಷ್ಣವರು, ತಮಗೆ ಅನ್ಯಾಯ ಮಾಡುತ್ತಿದ್ದಾರೆ ಅಂತ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮುಂತಾದ ಕಡೆಯ ಜೈನರು ಬುಕ್ಕರಾಯನಿಗೆ ದೂರು ಕೊಟ್ಟರು. ರಾಜ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ ಅಂದ. ಆ ತೀರ್ಪಿನ ಕಲ್ಲು ಭಂಡಾರಿ ಬಸದಿಯಲ್ಲಿದೆ.

ಮೊದಲ ಓದಿಗೆ ಪೆನ್ಸಿಲಿನಲ್ಲಿ ಒಟ್ಟಾರೆ ಅಂಕ ಹಾಕಿಕೊಂಡೆ. ಆಮೇಲೆ ನಾಲ್ಕು ಕಾಲಂ ಮಾಡಿದೆ. ವಾದಕ್ಕೆ 6, ಆಧಾರಕ್ಕೆ 7, ಧಾಟಿಯ ನ್ಯಾಯಕ್ಕೆ 3, ರೆಫರೆನ್ಸ್‌ಗೆ 4.

ಇಬ್ಬರ ಕಥೆ ಹೇಳುತ್ತೇನೆ. 'ಅ' ಅನ್ನೋ ವಿದ್ಯಾರ್ಥಿನಿ ತುಂಬಾ ಚಂದ ಬರೆದಿದ್ದಾಳೆ. ವಿಜಯನಗರದ ಅರಸರ ಉದಾರತೆ, ಕೈ ಕೈ ಸೇರಿಸಿದ ದೃಶ್ಯ, ಎಲ್ಲಾ ಇದೆ. ಯಾರ ಮನಸ್ಸಿಗೂ ನೋವಾಗದ ಬರಹ. ಪೆನ್ಸಿಲಿನಲ್ಲಿ 14. ಕಾಲಂ ಪ್ರಕಾರ ನೋಡಿದರೆ ವಾದ 3, ಆಧಾರ 3, ಧಾಟಿ 3, ರೆಫರೆನ್ಸ್ 1. ಒಟ್ಟು 10.

'ಬ' ಅನ್ನೋ ಹುಡುಗ "ಇದು ಸಹಿಷ್ಣುತೆಯೇ ಅಲ್ಲ" ಅಂತ ಶುರು ಮಾಡಿದ್ದಾನೆ. ಪ್ರತಿ ಜೈನ ಮನೆ ವರ್ಷಕ್ಕೆ ಒಂದು ಹಣ ಕೊಡಬೇಕು, ಅದನ್ನು ವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ನೋಡಿಕೊಳ್ಳಬೇಕು ಅನ್ನೋ ಸಾಲನ್ನು ಶಾಸನದಿಂದಲೇ ತೆಗೆದಿದ್ದಾನೆ. ಆದರೆ ಅದನ್ನು 'ಹಫ್ತಾ' ಅಂದಿದ್ದಾನೆ, ಶ್ರೀವೈಷ್ಣವರನ್ನು 'ಗೂಂಡಾಗಳು' ಅಂದಿದ್ದಾನೆ. ಪೆನ್ಸಿಲಿನಲ್ಲಿ 9. ಕಾಲಂ ಪ್ರಕಾರ ವಾದ 5, ಆಧಾರ 5, ಧಾಟಿ 0, ರೆಫರೆನ್ಸ್ 3. ಒಟ್ಟು 13.

ಮೇಲಿದ್ದವಳು ಕೆಳಗೆ, ಕೆಳಗಿದ್ದವನು ಮೇಲೆ. ಇದು ಸರೀನಾ? ಮುಖ್ಯವಾಗಿ 'ಹಫ್ತಾ'ಗೆ ಯಾವ ಕಾಲಂನಲ್ಲಿ ಅಂಕ ಕಳೀಬೇಕು?

ಬಯಲುಸೀಮೆ_ಬರಹ

ಸರ್, ಇಷ್ಟೊಂದು ಕಷ್ಟ ಯಾಕೆ? ಧರ್ಮದ ವಿಷಯ ಅಂದ ಮೇಲೆ ಎರಡೂ ಕಡೆಗೆ ಸಮನಾಗಿ ಜಾಗ ಕೊಟ್ಟಿದ್ದಾರಾ ನೋಡಿ. ಜೈನರ ಕಡೆ ಎರಡು ಪ್ಯಾರಾ, ವೈಷ್ಣವರ ಕಡೆ ಎರಡು ಪ್ಯಾರಾ, ಕೊನೆಗೆ "ಎರಡರಲ್ಲೂ ಸತ್ಯವಿದೆ". ಧಾಟಿಗೆ ಪೂರ್ತಿ 3 ಕೊಡಿ, ಮುಗೀತು. ನಾನು ಪಿಯು ಮಕ್ಕಳಿಗೆ ಹಾಗೇ ಮಾಡೋದು.

ಒಂದು ಮಾತು ಮಾತ್ರ ಅನುಭವದಿಂದ ಹೇಳುತ್ತೇನೆ. ಒಬ್ಬೊಬ್ಬರ ಪೇಪರನ್ನು ಪೂರ್ತಿ ಮುಗಿಸಬೇಡಿ. ಇಡೀ ಕಟ್ಟಿಗೆ ಮೊದಲು ರೆಫರೆನ್ಸ್ ಕಾಲಂ ಹಾಕಿ, ಆಮೇಲೆ ಇಡೀ ಕಟ್ಟಿಗೆ ಆಧಾರ, ಹೀಗೆ. ರೆಫರೆನ್ಸ್ ನೋಡುವಾಗ ಹುಡುಗ ಏನು ನಂಬಿದ್ದಾನೆ ಅನ್ನೋದು ನಮ್ಮ ತಲೆಗೆ ಹೋಗಲ್ಲ. ಧಾಟಿಯನ್ನು ಕೊನೆಗೆ ಇಟ್ಟುಕೊಳ್ಳಿ.

ಶಾಸನಪ್ರಿಯೆ

ಬಯಲುಸೀಮೆಯವರ ಎರಡನೇ ಮಾತು ನೂರಕ್ಕೆ ನೂರು ಸರಿ. ಮೊದಲನೆಯದು ಅಲ್ಲ. ಸಮ ಸಮ ಪ್ಯಾರಾ ಕೊಟ್ಟರೆ ನ್ಯಾಯ ಆಗುವುದಿಲ್ಲ. ಈ ಶಾಸನದಲ್ಲೇ ನೋಡಿ, ದೂರು ಕೊಟ್ಟವರು ಒಂದು ಕಡೆಯವರು. ವೈಷ್ಣವರೂ ದೂರು ಕೊಟ್ಟರು ಅಂತ ಅದರಲ್ಲಿ ಎಲ್ಲೂ ಇಲ್ಲ. "ಎರಡೂ ಪಂಗಡಗಳು ಪರಸ್ಪರ ದೂರಿದವು" ಅಂತ ಸಮ ಮಾಡಿ ಬರೆದರೆ ಅದು ತಪ್ಪು ಮಾಹಿತಿ. ಸೌಮ್ಯವಾಗಿ ಬರೆದ ತಪ್ಪು, ಅಷ್ಟೇ.

ಮೇಷ್ಟ್ರ ಪ್ರಶ್ನೆಗೆ ಬರುತ್ತೇನೆ. ನಾನು ನಿವೃತ್ತಿಯಾಗುವವರೆಗೂ ಬಳಸಿದ್ದು ಒಂದು ಸುಲಭ ಪರೀಕ್ಷೆ. ಅನುಮಾನ ಬಂದ ಪದವನ್ನು ತೆಗೆದು, ಅದರ ಜಾಗದಲ್ಲಿ ಸಪ್ಪೆ ಪದ ಹಾಕಿ ಓದಿ. ಹೇಳಿದ ಸಂಗತಿ ಹಾಗೇ ಉಳಿದರೆ ಅದು ಧಾಟಿಯ ಪ್ರಶ್ನೆ. ಸಂಗತಿಯೇ ಬದಲಾದರೆ ಅದು ಆಧಾರದ ಪ್ರಶ್ನೆ.

'ಗೂಂಡಾಗಳು' ತೆಗೆದು 'ಶ್ರೀವೈಷ್ಣವರು' ಹಾಕಿ. ವಾಕ್ಯದ ಅರ್ಥ ನಿಲ್ಲುತ್ತದೆ. ಹಾಗಾಗಿ ಅದು ಧಾಟಿ. ಈಗ 'ಹಫ್ತಾ' ತೆಗೆದು 'ವಾರ್ಷಿಕ ಹಣ' ಹಾಕಿ. ಹುಡುಗ ಹೇಳಿದ್ದ ಮುಖ್ಯ ಸಂಗತಿಯೇ ಹೋಯಿತು. ಹೆದರಿಸಿ ವಸೂಲಿ ಮಾಡಿದರು, ಆ ದುಡ್ಡು ವಸೂಲಿ ಮಾಡಿದವರಿಗೇ ಹೋಯಿತು ಅನ್ನೋದು ಅವನ ಮಾತು. ಅದು ಬೈಗುಳವಲ್ಲ, ಒಂದು ವಾದ. ಅದಕ್ಕೆ ಶಾಸನದ ಒಪ್ಪಿಗೆ ಇದೆಯಾ ಅಂತ ನೋಡಬೇಕು.

ಶಾಸನ ಏನು ಹೇಳುತ್ತದೆ? ಸಮಸ್ತ ರಾಜ್ಯದ ಭವ್ಯಜನರ, ಅಂದರೆ ಜೈನರ, ಅನುಮತದಿಂದ, ಬಾಗಿಲುಗಟ್ಟಳೆಯಾಗಿ ಮನೆ ಮನೆಗೆ ವರ್ಷಕ್ಕೆ ಒಂದು ಹಣ. ಆ ಹೊನ್ನಿನಿಂದ ಬೆಳುಗುಳದಲ್ಲಿ ದೇವರ ಅಂಗರಕ್ಷೆಗೆ ಇಪ್ಪತ್ತು ಆಳು. ಮಿಕ್ಕಿದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದು. 'ಬ' ಮೊದಲ ಭಾಗ ತೆಗೆದುಕೊಂಡು, ಸುಣ್ಣ ಮತ್ತು ಅನುಮತ ಎರಡನ್ನೂ ಬಿಟ್ಟಿದ್ದಾನಾ? ಬಿಟ್ಟಿದ್ದರೆ ಆಧಾರದಲ್ಲಿ ಒಂದು ಅಂಕ ಕಳೆಯಿರಿ. ಧಾಟಿಯಲ್ಲಿ 'ಗೂಂಡಾ'ಗೆ ಮಾತ್ರ ಕಳೆಯಿರಿ.

ಹಾಗಂತ ಅವನ ವಾದ ಬಿದ್ದೇ ಹೋಗುತ್ತದೆ ಅಂತಲ್ಲ. ಅನುಮತ ಇತ್ತು ಅಂತ ಹೇಳುತ್ತಿರುವುದು ಆಜ್ಞೆಯೇ. ತಮ್ಮ ತೀರ್ಥದ ಕಾವಲಿಗೆ ತಾವೇ ದುಡ್ಡು ಕೊಟ್ಟು, ಆಳುಗಳನ್ನು ಇನ್ನೊಬ್ಬರು ನೇಮಿಸುವ ಏರ್ಪಾಡು ಎಷ್ಟು ಸಮಾನ ಅಂತ ಅವನು ಕೇಳಬಹುದಿತ್ತು. ಕೇಳಿದ್ದರೆ ವಾದಕ್ಕೆ 6ಕ್ಕೆ 6 ಕೊಡುತ್ತಿದ್ದೆ.

ಹಾಸನದ_ಮೇಷ್ಟ್ರು

ಮೇಡಂ, ಪೇಪರ್ ತೆಗೆದು ನೋಡಿದೆ. ಸುಣ್ಣದ ಮಾತೇ ಇಲ್ಲ. ಹಾಗಾದರೆ ಆಧಾರ 4, ಧಾಟಿ 1. ಒಟ್ಟು ಮತ್ತೆ 13! ಮೊತ್ತ ಅದೇ ಇದ್ದರೂ ಹುಡುಗನಿಗೆ ಬರೆಯೋ ಷರಾ ಬದಲಾಯಿತು. "ಸಭ್ಯವಾಗಿ ಬರಿ" ಅನ್ನೋದರ ಬದಲು "ಅದೇ ವಾಕ್ಯದ ಕೊನೆ ಭಾಗ ಯಾಕೆ ಬಿಟ್ಟೆ?" ಅಂತ ಕೇಳಬಹುದು.

ಮನೆಯಂಗಳ_ಸುಮಾ

ನಾನು ಟೀಚರ್ ಅಲ್ಲ, ಮಧ್ಯೆ ಬಾಯಿ ಹಾಕ್ತಿದ್ದೀನಿ ಅಂತ ಬೇಜಾರಾಗಬೇಡಿ. ಧರ್ಮಕ್ಕೆ ಅಂಕ ಹಾಕೋದೇ ತಪ್ಪಲ್ವಾ? ನನ್ನ ಮಗಳು ನಮ್ಮೂರ ಮಾರಮ್ಮನ ಜಾತ್ರೆ ಬಗ್ಗೆ ಬರೆದಿದ್ದಳು. "ಅಮ್ಮ ಕಾಪಾಡಿದ್ದರಿಂದ ಊರಿಗೆ ರೋಗ ಬರಲಿಲ್ಲ" ಅಂತ ಬರೆದಿದ್ದಕ್ಕೆ ಟೀಚರ್ ಕೆಂಪು ಗೆರೆ ಎಳೆದು 'ಮೂಢನಂಬಿಕೆ' ಅಂತ ಬರೆದರು. ಮಗು ಅತ್ತಿತು. ನೀವು ಕಾಲಂ ಎಷ್ಟು ಹಾಕಿದರೂ ದೇವರನ್ನು ನಂಬೋ ಮಕ್ಕಳಿಗೇ ಅಂಕ ಕಡಿಮೆ ಬರೋದು.

ಶಾಸನಪ್ರಿಯೆ

ಸುಮಾ ಅವರೇ, ನಂಬಿಕೆಗೆ ಅಂಕ ಹಾಕೋದು ತಪ್ಪು ಅನ್ನೋದನ್ನು ನಾನೂ ಒಪ್ಪುತ್ತೇನೆ. ಕಾಲಂ ಬೇರೆ ಮಾಡುವುದೇ ಅದಕ್ಕೆ. ಕೆಂಪು ಗೆರೆ ಎಳೆದು ಒಂದೇ ಪದ ಬರೆದವರು ಯಾವ ಕಾಲಂನಲ್ಲಿ ಕಳೆದೆ ಅಂತ ಹೇಳಬೇಕಾಗಿದ್ದರೆ ಯೋಚನೆ ಮಾಡುತ್ತಿದ್ದರು.

ನಿಮ್ಮ ಮಗಳ ವಾಕ್ಯವನ್ನೇ ತೆಗೆದುಕೊಳ್ಳಿ. "ಅಮ್ಮ ಕಾಪಾಡಿದ್ದರಿಂದ ರೋಗ ಬರಲಿಲ್ಲ" ಅಂದರೆ ಅದಕ್ಕೆ ಆಧಾರ ಕೊಡಲು ಯಾರಿಗೂ ಆಗುವುದಿಲ್ಲ. "ಅಮ್ಮ ಕಾಪಾಡಿದ್ದರಿಂದಲೇ ರೋಗ ಬರಲಿಲ್ಲ ಎಂದು ಊರಿನವರು ಹೇಳುತ್ತಾರೆ" ಅಂತ ಬರೆದು, ಹೇಳಿದವರು ಯಾರು ಅಂತ ಸೇರಿಸಿದರೆ ಆಧಾರದ ಕಾಲಂ ತುಂಬಿತು. ನಂಬಿಕೆ ಬಿಡಬೇಕಾಗಿಲ್ಲ. ಯಾರು ಹೇಳಿದ್ದು ಅನ್ನೋದು ಓದುವವರಿಗೆ ತಿಳಿದರೆ ಸಾಕು.

ಮನೆಯಂಗಳ_ಸುಮಾ

ಅದು ಸರಿ. ಆದರೆ ಅವಳಿಗೆ ಅದು ಊರಿನವರ ಮಾತಲ್ಲ, ಅವಳದೇ ಮಾತು.

ಲೆಸ್ಟರ್_ಕನ್ನಡಿಗ

ನಾನು ಇಂಗ್ಲೆಂಡಿನಲ್ಲಿ ರಿಲಿಜಿಯಸ್ ಸ್ಟಡೀಸ್ ಕಲಿಸುತ್ತೇನೆ. ಇಲ್ಲಿನ ಎ ಲೆವೆಲ್ ಪರೀಕ್ಷೆಯಲ್ಲಿ ಎರಡೇ ಗುರಿ. ಎಒ1 ಅಂದರೆ ತಿಳುವಳಿಕೆ, ಅದಕ್ಕೆ ಶೇಕಡಾ 40. ಎಒ2 ಅಂದರೆ ವಿಮರ್ಶೆ, ವಾದ, ಅದಕ್ಕೆ ಶೇಕಡಾ 60. ಧಾಟಿಗೆ ಅಂತ ಪ್ರತ್ಯೇಕ ಅಂಕ ಇಲ್ಲ. ಬೇರೆ ಮತದವರ ನಿಲುವನ್ನು ತಿರುಚಿ ಬರೆದರೆ ತಿಳುವಳಿಕೆ ಕಡಿಮೆ ಅಂತ ಎಒ1ರಲ್ಲಿ ಹೋಗುತ್ತದೆ. ಎದುರಿನವರ ವಾದಕ್ಕೆ ಉತ್ತರ ಕೊಡದೆ ಬರೀ ಬೈದರೆ ಎಒ2ರಲ್ಲಿ ಹೋಗುತ್ತದೆ. ಆದ್ದರಿಂದ ನನಗೆ ಅನಿಸೋದು, ಧಾಟಿ ಅನ್ನೋ ಕಾಲಂ ಬೇಕೇ ಇಲ್ಲ. ಅದರಲ್ಲಿ ಇರೋದೆಲ್ಲ ಉಳಿದ ಕಾಲಂಗಳಲ್ಲಿ ಸಿಗುತ್ತದೆ.

ಇನ್ನೊಂದು ಅಪಾಯ. ಧಾಟಿ ಅನ್ನೋ ಹೆಸರಿನಲ್ಲಿ ಮೇಷ್ಟ್ರು ತಮಗೆ ಇಷ್ಟವಾಗದ ತೀರ್ಮಾನಕ್ಕೆ ಅಂಕ ಕಳೆಯಬಹುದು. ಮಿಕ್ಕ ಮೂರು ಕಾಲಂನಲ್ಲಿ ಅದು ಅಷ್ಟು ಸುಲಭವಲ್ಲ.

ಬೆಳಗೊಳ_ಪಯಣಿಗ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನಾನು ಜೈನ, ಊರು ಬೆಳಗೊಳಕ್ಕೆ ಹತ್ತಿರ. ಮೇಷ್ಟ್ರೇ, 'ಅ' ಹುಡುಗಿಗೆ ಧಾಟಿಯಲ್ಲಿ ಪೂರ್ತಿ 3 ಕೊಟ್ಟಿರಲ್ಲ, ಅವಳು ಜೈನರ ದೂರಿನ ಬಗ್ಗೆ ಏನು ಬರೆದಿದ್ದಾಳೆ, ಆ ವಾಕ್ಯ ಇಲ್ಲಿ ಹಾಕ್ತೀರಾ?

ಹಾಸನದ_ಮೇಷ್ಟ್ರು

ಹಾಕ್ತೀನಿ. "ಆ ಕಾಲದಲ್ಲಿ ಎರಡು ಪಂಗಡಗಳ ನಡುವೆ ಉಂಟಾದ ಸಣ್ಣಪುಟ್ಟ ಮನಸ್ತಾಪವನ್ನು ದೊರೆ ಪ್ರೀತಿಯಿಂದ ಪರಿಹರಿಸಿದನು."

ಬೆಳಗೊಳ_ಪಯಣಿಗ

ನೋಡಿ, ನನಗೆ ನೋವಾಗುವುದು ಇದರಿಂದಲೇ. 'ಗೂಂಡಾ' ಅನ್ನೋ ಪದದಿಂದಲ್ಲ. ಶಾಸನವೇ ಅನ್ಯಾಯ ಅಂತ ಹೇಳುವಾಗ ಇದು 'ಸಣ್ಣಪುಟ್ಟ ಮನಸ್ತಾಪ' ಹೇಗೆ ಆಯಿತು? ಪಂಚಮಹಾವಾದ್ಯ ಮತ್ತು ಕಳಶ ಮೊದಲಿನಂತೆ ಜೈನರಿಗೆ ಸಲ್ಲುತ್ತವೆ ಅಂತ ರಾಜ ಹೇಳಬೇಕಾಯಿತು. ಅಂದರೆ ಅದಕ್ಕೇ ತಕರಾರು ಬಂದಿತ್ತು. ದೇವರ ಮುಂದೆ ವಾದ್ಯ ನುಡಿಸೋದಕ್ಕೆ ಅಡ್ಡಿ ಮಾಡಿದರೆ ಅದು ಯಾರಿಗೆ ಸಣ್ಣದು?

ಲೆಸ್ಟರ್‌ನವರು ಧಾಟಿ ಕಾಲಂ ಬೇಡ ಅಂತಾರೆ. ನನಗೆ ಬೇಕು. ಸಿಹಿಯಾಗಿ ಬರೆದು ಒಬ್ಬರ ದೂರನ್ನು ಅಳಿಸಿಹಾಕಿದರೆ ಅದಕ್ಕೂ ಒಂದು ಲೆಕ್ಕ ಇರಬೇಕು.

ಶಾಸನಪ್ರಿಯೆ

ಪಯಣಿಗರು ಹೇಳಿದ್ದು ತೂಕದ ಮಾತು. ಧಾಟಿಯ ಕಾಲಂಗೆ ನಾನು ಕೊಡುತ್ತಿದ್ದ ವಿವರಣೆ ಇದೇ: ಯಾರ ಬಗ್ಗೆ ಬರೆದಿದ್ದೀಯೋ ಅವರು ಓದಿದರೆ "ಹೌದು, ನಾವು ಹೇಳುವುದು ಇದೇ, ನೀನು ಒಪ್ಪದಿದ್ದರೂ ಪರವಾಗಿಲ್ಲ" ಅನ್ನಬೇಕು. 'ಬ'ನ ಪ್ರಬಂಧ ಓದಿದ ಶ್ರೀವೈಷ್ಣವರು ಹಾಗೆ ಅನ್ನುವುದಿಲ್ಲ. 'ಅ'ಳ ಪ್ರಬಂಧ ಓದಿದ ಜೈನರೂ ಅನ್ನುವುದಿಲ್ಲ. ಹಾಗಾಗಿ ಅವಳಿಗೂ 3 ಸಿಗುವುದಿಲ್ಲ. ನಾನಾದರೆ 1 ಕೊಡುತ್ತೇನೆ.

ಇಲ್ಲಿ ಇನ್ನೊಂದು ಸಂಗತಿ ಇದೆ, ಇಬ್ಬರೂ ಬಿಟ್ಟಂತೆ ಕಾಣುತ್ತದೆ. ಶಾಸನ ಶುರುವಾಗುವುದೇ ರಾಮಾನುಜರನ್ನು ಹೊಗಳುವ ಸಂಸ್ಕೃತ ಶ್ಲೋಕದಿಂದ. ಪಾಷಂಡಿಗಳೆಂಬ ಸಮುದ್ರಕ್ಕೆ ಅವರು ಬಡಬಾಗ್ನಿ, ಅಂದರೆ ಕಡಲನ್ನೇ ಸುಡುವ ಬೆಂಕಿ, ಅನ್ನುತ್ತದೆ ಆ ಶ್ಲೋಕ. ಶ್ರೀವೈಷ್ಣವರ ಬರಹದಲ್ಲಿ ಪಾಷಂಡಿ ಅಂದರೆ ವೇದ ಒಪ್ಪದವರು, ಅದರಲ್ಲಿ ಜೈನರೂ ಸೇರುತ್ತಾರೆ. ಭೇದವಿಲ್ಲ ಅಂತ ಹೇಳುವ ಕಲ್ಲಿನ ತಲೆಯ ಮೇಲೇ ಈ ಮಾತು! ಅದು ಬಸದಿಯ ಒಳಗಿದೆ.

ಇದನ್ನು ಗಮನಿಸಿದ ವಿದ್ಯಾರ್ಥಿಗೆ ಆಧಾರದಲ್ಲಿ ಕಣ್ಣು ಮುಚ್ಚಿ 6 ಮೇಲೆ ಕೊಡಬಹುದು. ಆದರೆ ವಾದದಲ್ಲಿ ಮತ್ತೆ ನೋಡಬೇಕು. ಅದರಿಂದ ಅವನು ಏನು ತೀರ್ಮಾನ ಮಾಡಿದ? "ಆದ್ದರಿಂದ ರಾಜ ಮೋಸ ಮಾಡಿದ" ಅಂದರೆ ಜಿಗಿತ ಜಾಸ್ತಿ ಆಯಿತು. "ಬರೆಸಿದವರಲ್ಲಿ ವೈಷ್ಣವರ ಕೈ ಬಲವಾಗಿತ್ತು, ಆದರೂ ಜೈನರ ಹಕ್ಕನ್ನು ಒಪ್ಪಿಕೊಳ್ಳಬೇಕಾಯಿತು" ಅಂದರೆ ಶಾಸನ ಅಷ್ಟನ್ನು ತಡೆದುಕೊಳ್ಳುತ್ತದೆ. ಆಧಾರ ಒಂದೇ, ತೀರ್ಮಾನ ಎರಡು. ಅದಕ್ಕೇ ಈ ಎರಡು ಕಾಲಂ ಬೇರೆ ಇರಬೇಕು.

ಬಯಲುಸೀಮೆ_ಬರಹ

ಮೇಡಂ, ಈ ಶ್ಲೋಕದ ವಿಷಯ ನನಗೆ ಗೊತ್ತಿರಲಿಲ್ಲ. ಪಠ್ಯದಲ್ಲಿ "ಬುಕ್ಕನು ಜೈನ-ವೈಷ್ಣವ ವಿವಾದ ಬಗೆಹರಿಸಿದನು" ಅಂತ ಒಂದು ಸಾಲು ಇರುತ್ತೆ ಅಷ್ಟೇ.

ಆದ್ರೂ ನಂದೊಂದು ಪ್ರಶ್ನೆ. ರೆಫರೆನ್ಸೂ ಆಧಾರವೂ ಒಂದೇ ಅಲ್ವಾ? ಆಧಾರ ಕೊಟ್ಟವನು ರೆಫರೆನ್ಸ್ ಕೊಟ್ಟೇ ಇರ್ತಾನೆ. ಕೊಡದವನಿಗೆ ಎರಡೂ ಕಡೆ ಕಳೆದರೆ ಒಂದೇ ತಪ್ಪಿಗೆ ಎರಡು ಏಟು.

ಹಾಸನದ_ಮೇಷ್ಟ್ರು

ಅದು ನನಗೂ ತಲೆನೋವಾಗಿತ್ತು. ಕೊನೆಗೆ ಹೀಗೆ ಮಾಡಿಕೊಂಡೆ. ಸರಿಯಾದ ಸಂಗತಿಯನ್ನು ತಂದಿದ್ದಾನಾ ಅಂತ ಆಧಾರದಲ್ಲಿ ನೋಡುತ್ತೇನೆ. ಅವನು ಹೇಳಿದ ಜಾಗಕ್ಕೆ ಹೋದರೆ ಆ ಸಂಗತಿ ನನಗೆ ಸಿಗುತ್ತದಾ ಅಂತ ರೆಫರೆನ್ಸ್‌ನಲ್ಲಿ ನೋಡುತ್ತೇನೆ. "ಬುಕ್ಕನ ಶಾಸನದಲ್ಲಿ ಇಪ್ಪತ್ತು ಆಳುಗಳ ಮಾತಿದೆ" ಅಂತ ಬರೆದು ಸಂಪುಟ, ಸಂಖ್ಯೆ ಕೊಡದಿದ್ದರೆ ಆಧಾರದ ಅಂಕ ಪೂರ್ತಿ, ರೆಫರೆನ್ಸ್ ಮಾತ್ರ ಹೋಗುತ್ತೆ. ಹಾಗಾಗಿ ಎರಡು ಏಟು ಬೀಳಲ್ಲ.

ಪ್ರತಿ ಪೇಪರಿನಲ್ಲಿ ಎರಡು ಅಡಿಟಿಪ್ಪಣಿ ಆರಿಸಿ ಲೈಬ್ರರಿಯಲ್ಲಿ ತೆಗೆದು ನೋಡುತ್ತೇನೆ. ಎಲ್ಲಾ ನೋಡೋಕೆ ಟೈಮ್ ಇಲ್ಲ. ಅಲ್ಲೇ ಒಂದು ಗೊಂದಲ. 'ಬ' ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕ ಎರಡನೇ ಸಂಪುಟ, ಸಂಖ್ಯೆ 136 ಅಂತ ಕೊಟ್ಟಿದ್ದಾನೆ. ನಮ್ಮ ಲೈಬ್ರರಿ ಪುಸ್ತಕದಲ್ಲಿ ಈ ಶಾಸನದ ಸಂಖ್ಯೆ 344. ಅದಕ್ಕೇ ಒಂದು ಅಂಕ ಕಳೆದೆ.

ಶಾಸನಪ್ರಿಯೆ

ಅಯ್ಯೋ, ಪೂರ್ತಿ ತಪ್ಪಲ್ಲ ಅದು. ರೈಸ್ 1889ರಲ್ಲಿ ತಂದ ಮೊದಲ ಆವೃತ್ತಿಯಲ್ಲಿ ಸಂಖ್ಯೆ 136. ನರಸಿಂಹಾಚಾರ್ಯರು ಪರಿಷ್ಕರಿಸಿದ 1923ರ ಆವೃತ್ತಿಯಲ್ಲಿ 344. ಹಳೆಯ ಪುಸ್ತಕಗಳು 136 ಅಂತಲೇ ಉಲ್ಲೇಖಿಸುತ್ತವೆ, ಹುಡುಗ ಅಂಥದ್ದೊಂದರಿಂದ ಎತ್ತಿಕೊಂಡಿರಬೇಕು. ಯಾವ ಆವೃತ್ತಿ ಅಂತ ಬರೆದಿದ್ದಾನಾ ನೋಡಿ. ಬರೆದಿಲ್ಲ ಅಂದರೆ ಅಂಕ ಹೋಗಬೇಕಾದ್ದು ಸಂಖ್ಯೆಗಲ್ಲ, ಆವೃತ್ತಿಯ ವರ್ಷ ಬಿಟ್ಟಿದ್ದಕ್ಕೆ. ಜೊತೆಗೆ ಕಲ್ಲಿನ ಪಾಠವನ್ನು ತಾನೇ ಓದಿದನಾ, ಇನ್ನೊಬ್ಬರ ಪುಸ್ತಕದಲ್ಲಿ ನೋಡಿದನಾ ಅನ್ನೋದನ್ನು ಹೇಳಿಸಿ. ಸುಣ್ಣದ ಸಾಲು ತಪ್ಪಿಹೋಗಿದ್ದು ಅಲ್ಲೇ ಇರಬಹುದು. ಯಾರೋ ಅರ್ಧ ಉಲ್ಲೇಖಿಸಿದ್ದನ್ನು ಇವನೂ ಅರ್ಧವೇ ತಂದಿದ್ದಾನೆ.

ಇದೇ ತೀರ್ಪಿನ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೆ. ಶಾಸನವನ್ನು ಬಸದಿಗಳಲ್ಲೆಲ್ಲಾ ನಿಲ್ಲಿಸಬೇಕು ಅಂತ ಆಜ್ಞೆ ಇತ್ತು. ಅದು ಎಷ್ಟು ಕಡೆ ನಡೆಯಿತು ಅನ್ನೋದಕ್ಕೆ ಕಲ್ಯದ ಕಲ್ಲು ಒಂದು ಸುಳಿವು. ಆಜ್ಞೆ ಆಯಿತು ಅನ್ನೋದು ಬೇರೆ, ನಡೆಯಿತು ಅನ್ನೋದು ಬೇರೆ. ಮಕ್ಕಳು ಜಾಸ್ತಿ ಎಡವೋದು ಇಲ್ಲಿ. "ಅಂದಿನಿಂದ ಎಲ್ಲರೂ ಸೌಹಾರ್ದದಿಂದ ಬಾಳಿದರು" ಅಂತ ಬರೆದು 1368ರ ಶಾಸನವನ್ನೇ ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ಆಮೇಲೆ ಏನಾಯಿತು ಅನ್ನೋದಕ್ಕೆ ಆ ಕಲ್ಲು ಸಾಕ್ಷಿ ಆಗಲ್ಲ.

ಲೆಸ್ಟರ್_ಕನ್ನಡಿಗ

ಪಯಣಿಗರ ಮಾತು ಓದಿದ ಮೇಲೂ ನನ್ನ ನಿಲುವು ಬದಲಾಗಿಲ್ಲ. 'ಸಣ್ಣಪುಟ್ಟ ಮನಸ್ತಾಪ' ಅನ್ನೋದು ಮೇಡಂ ಅವರ ಪರೀಕ್ಷೆಯ ಪ್ರಕಾರವೇ ಆಧಾರದ ತಪ್ಪು. ಆ ಪದ ತೆಗೆದು 'ಅನ್ಯಾಯದ ದೂರು' ಹಾಕಿ ನೋಡಿ, ಸಂಗತಿಯೇ ಬದಲಾಗುತ್ತೆ. ಹಾಗಾದರೆ ಧಾಟಿಯಲ್ಲಿ ಯಾಕೆ ಕಳೀತೀರಿ? ಈಗಾಗಲೇ ಆಧಾರದಲ್ಲಿ 7ಕ್ಕೆ 3 ಬಂದಿದೆ. ಇದೂ ಎರಡು ಏಟೇ ಅಲ್ವಾ?

ಶಾಸನಪ್ರಿಯೆ

ಹಿಡಿದುಬಿಟ್ಟಿರಿ! ಒಪ್ಪುತ್ತೇನೆ, ಆ ವಾಕ್ಯ ಎರಡು ಕಾಲಂನ ಗಡಿಯಲ್ಲಿದೆ. ನನ್ನ ಪರೀಕ್ಷೆ ಬೈಗುಳಕ್ಕೆ ಚೆನ್ನಾಗಿ ಕೆಲಸ ಮಾಡುತ್ತೆ, ಹೊಗಳಿಕೆಗೆ ಅಷ್ಟು ಚೆನ್ನಾಗಿ ಅಲ್ಲ. ಅಂಥ ಕಡೆ ಒಂದೇ ಕಾಲಂನಲ್ಲಿ ಕಳೆದು, ಯಾವುದರಲ್ಲಿ ಅಂತ ಷರಾದಲ್ಲಿ ಬರೆದರೆ ಸಾಕು ಅನ್ನಿಸುತ್ತೆ. ಆದರೆ ಕಾಲಂ ತೆಗೆಯೋದಕ್ಕೆ ನಾನು ಒಪ್ಪಲ್ಲ. 3 ಅಂಕಕ್ಕಿಂತ ಮೇಲೆ ಹೋಗಬಾರದು, ಅಷ್ಟೇ.

ಬೆಳಗೊಳ_ಪಯಣಿಗ

ನನಗೆ ಅದು ಧಾಟಿಯೇ. ಆದರೆ ಮೇಷ್ಟ್ರು ನೀವು.

ಹಾಸನದ_ಮೇಷ್ಟ್ರು

ಇದನ್ನು ಇನ್ನೂ ಯೋಚಿಸಬೇಕು. 'ಅ'ಗೆ ಸದ್ಯಕ್ಕೆ ಧಾಟಿ 2 ಇಟ್ಟಿದ್ದೀನಿ, ಒಟ್ಟು 9. ನಮ್ಮ ಸ್ಟಾಫ್‌ರೂಮಿನಲ್ಲಿ ಒಬ್ಬರಿದ್ದಾರೆ, ವಿಜಯನಗರದ ವಿಷಯದಲ್ಲಿ ನನಗೂ ಅವರಿಗೂ ಯಾವತ್ತೂ ಹೊಂದಲ್ಲ. ಕೆಲವು ಪೇಪರ್‌ಗಳನ್ನು ಅವರ ಕೈಗೆ ಕೊಟ್ಟು ಧಾಟಿ ಕಾಲಂ ಮಾತ್ರ ಹಾಕಿಸೋಣ ಅಂತಿದ್ದೀನಿ. ಒಂದು ಅಂಕಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ ಪೇಪರನ್ನು ಇಬ್ಬರೂ ಕೂತು ಓದೋದು.

ಪೆನ್ಸಿಲ್ ಅಂಕಗಳನ್ನೂ ಕಾಲಂಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಇನ್ನೊಂದು ಕಂಡಿತು. ಮೊದಮೊದಲ ಪೇಪರ್‌ಗಳಲ್ಲಿ ನಾಲ್ಕೂ ಕಾಲಂ ಒಟ್ಟಿಗೆ ಏರಿವೆ, ಒಟ್ಟಿಗೆ ಇಳಿದಿವೆ. ಅಂದರೆ ಕಾಲಂ ನಾಲ್ಕಿದ್ದರೂ ನೋಡಿದ್ದು ಒಂದನ್ನೇ. ಬಯಲುಸೀಮೆಯವರು ಹೇಳಿದ ಹಾಗೆ ಇಡೀ ಕಟ್ಟಿಗೆ ಒಂದೊಂದೇ ಕಾಲಂ ಹಾಕಿದ ಮೇಲೆ ಬೇರೆ ಬೇರೆ ಆದವು.

ಕೊನೇದಾಗಿ ಒಂದು ಪ್ರಶ್ನೆ. ಒಬ್ಬ ಹುಡುಗ ಪ್ರಬಂಧದ ತುಂಬಾ "ಭಗವಾನ್ ಬಾಹುಬಲಿ", "ಪರಮಪೂಜ್ಯ ರಾಮಾನುಜಾಚಾರ್ಯರು" ಅಂತಲೇ ಬರೆದಿದ್ದಾನೆ. ವಾದ ಚೆನ್ನಾಗಿದೆ, ಆಧಾರವೂ ಇದೆ. ಇದಕ್ಕೆ ಕಳೀತೀರಾ?

ಬಯಲುಸೀಮೆ_ಬರಹ

ನಾನು ಕಳೀತೀನಿ. ಇತಿಹಾಸದ ಪೇಪರ್ ಅದು, ಹರಿಕಥೆ ಅಲ್ಲ.

ಶಾಸನಪ್ರಿಯೆ

ನಾನು ಕಳೆಯಲ್ಲ. ಇಬ್ಬರಿಗೂ ಒಂದೇ ಗೌರವ ಕೊಟ್ಟಿದ್ದಾನಲ್ಲ. ಒಬ್ಬರಿಗೆ 'ಪರಮಪೂಜ್ಯ', ಇನ್ನೊಬ್ಬರಿಗೆ ಬರೀ ಹೆಸರು ಅಂತಾಗಿದ್ದರೆ ಆಗ ನೋಡುತ್ತಿದ್ದೆ.

ಮನೆಯಂಗಳ_ಸುಮಾ

ಮಾರಮ್ಮ ಅಂತ ಬರೆದರೆ ಪರವಾಗಿಲ್ವಾ, ಮಾರಿಕಾಂಬಾ ದೇವಿ ಅಂತಲೇ ಬರೀಬೇಕಾ? ಮಗಳು ಕೇಳ್ತಿದ್ದಾಳೆ. ಮುಂದಿನ ವಾರ ಮತ್ತೆ ಅದೇ ಟೀಚರ್‌ಗೆ ಕೊಡಬೇಕು.